ಹಳದಿ ಕೈಗವಸಿನ ಮನುಷ್ಯ

1962ರ ಅಕ್ಟೋಬರ್ 6ರ ಬೆಳಿಗ್ಗೆ ಜೋಸೆಫ್ ಚಾರ್ಲ್ಸ್ ತಮ್ಮ ಮನೆಯ ಮುಂದೆ ನಿಂತಿದ್ದರು. ಪರಿಚಯದ ನೆರೆಯವನೊಬ್ಬ ಎದುರಿಗೆ ಹಾದುಹೋದ. ಚಾರ್ಲ್ಸ್ ಕೈಬೀಸಿದರು, ಅವನೂ ಕೈಬೀಸಿದ. ಮಾರನೆಯ ದಿನ ಅವನಿಗೆ ಮತ್ತೆ ಕೈಬೀಸಿದರು. ಒಬ್ಬನಿಗೆ ಬೀಸಿ ಅವನ ಹಿಂದೆ ಬಂದವನನ್ನು ಸುಮ್ಮನೆ ಬಿಡುವುದು ಹೇಗೆ? ಅವನಿಗೂ ಬೀಸಿದರು. ಅವನ ಹಿಂದೆ ಇನ್ನೊಂದು ಕಾರು, ಅದರ ಹಿಂದೆ ಮತ್ತೊಂದು. ಹೀಗೆ ಎತ್ತಿದ ಕೈಯನ್ನು ಅವರು ಕೆಳಗಿಳಿಸಿದ್ದು 1992ರ ಅಕ್ಟೋಬರ್ 6ರಂದು. ನಡುವೆ ಸರಿಯಾಗಿ ಮೂವತ್ತು ವರ್ಷ ಕಳೆದಿತ್ತು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಡದಲ್ಲಿರುವ ಬರ್ಕ್ಲಿ ಎಂಬ ಊರಿನ ಕಥೆ ಇದು. ಆರೆಗನ್ ಸ್ಟ್ರೀಟ್ ಎನ್ನುವ ಸಣ್ಣ ಬೀದಿ ಬಂದು ಗ್ರೋವ್ ಸ್ಟ್ರೀಟ್ ಎನ್ನುವ ದೊಡ್ಡ ರಸ್ತೆಯನ್ನು ಸೇರುವ ಮೂಲೆಯಲ್ಲಿ ಚಾರ್ಲ್ಸ್ ಅವರ ಮನೆ. ಗ್ರೋವ್ ಸ್ಟ್ರೀಟಿಗೆ ಈಗ ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರಿದೆ. ಬೆಳಿಗ್ಗೆ ಕೆಲಸಕ್ಕೆ, ಕಾಲೇಜಿಗೆ ಹೊರಟವರ ಸಾಲುಸಾಲು ಕಾರುಗಳು ಅಲ್ಲಿ ಹಾದುಹೋಗುತ್ತಿದ್ದವು. ಏಳು ಮುಕ್ಕಾಲರಿಂದ ಒಂಬತ್ತೂವರೆಯವರೆಗೆ ಚಾರ್ಲ್ಸ್ ಅಲ್ಲಿ ಹಾಜರು. ಕೈಗೆ ಹಳದಿ ಗವಸು, ಬಾಯಲ್ಲಿ ಎರಡೇ ಮಾತು: "ಕೀಪ್ ಸ್ಮೈಲಿಂಗ್!", "ಹ್ಯಾವ್ ಎ ಗುಡ್ ಡೇ!"

ಲೆಕ್ಕ ಹಾಕಿ ನೋಡಬೇಕೆನಿಸುತ್ತದೆ. ದಿನಕ್ಕೆ ಒಂದು ಮುಕ್ಕಾಲು ಗಂಟೆ. ವರ್ಷಕ್ಕೆ ಸುಮಾರು 250 ಕೆಲಸದ ದಿನ ಎಂದಿಟ್ಟುಕೊಂಡರೆ ಮೂವತ್ತು ವರ್ಷಕ್ಕೆ 7,500 ಬೆಳಗು, 13,000 ಗಂಟೆಗೂ ಮೇಲೆ. ಊಟ ನಿದ್ದೆ ಬಿಟ್ಟು ಹಗಲೂ ರಾತ್ರಿ ಒಂದೇ ಸಮನೆ ಕೈಬೀಸಿದರೆ ಒಂದೂವರೆ ವರ್ಷ ಹಿಡಿಯುವಷ್ಟು ಕೆಲಸ. ಇದಕ್ಕೆ ಸಂಬಳವಿಲ್ಲ, ಭತ್ಯೆಯಿಲ್ಲ, ಮಾಡೆಂದು ಹೇಳಿದವರೂ ಇಲ್ಲ.

ಮೊದಮೊದಲು ಜನ ಅವರಿಗೆ ತಲೆ ಕೆಟ್ಟಿದೆ ಎಂದೇ ತಿಳಿದರು. ತಿಳಿಯದೆ ಇನ್ನೇನು? ಗುರುತಿಲ್ಲದ ಮನುಷ್ಯ ನಗುತ್ತಾ ಕೈಬೀಸಿದರೆ ಯಾರಾದರೂ ಮೊದಲು ಮಾಡುವುದು ಹಿಂತಿರುಗಿ ನೋಡುವುದನ್ನು. ಅವನು ನನಗಲ್ಲ, ನನ್ನ ಹಿಂದಿನವನಿಗೆ ಬೀಸುತ್ತಿದ್ದಾನೆ ಎನ್ನುವ ಅನುಮಾನ. ಹಿಂದೆ ಯಾರೂ ಇಲ್ಲ ಎಂದು ಖಚಿತವಾದ ಮೇಲೆ ಎರಡನೆಯ ಅನುಮಾನ ಹುಟ್ಟುತ್ತದೆ: ಚಕ್ರದ ಗಾಳಿ ಹೋಗಿದೆಯೋ, ಡಿಕ್ಕಿ ತೆರೆದುಕೊಂಡಿದೆಯೋ, ಕಾರಿನ ಮೇಲೆ ಟಿಫಿನ್ ಡಬ್ಬಿ ಇಟ್ಟು ಮರೆತು ಬಂದೆನೋ? ಎಲ್ಲ ಸರಿಯಾಗಿದೆ ಎಂದಾದರೆ ಮೂರನೆಯದು: ಇವನಿಗೆ ಏನೋ ಬೇಕಾಗಿದೆ. ಚಂದಾ ಇರಬಹುದು, ವೋಟಿರಬಹುದು, ಯಾವುದೋ ಪಂಥಕ್ಕೆ ಸೇರಿಸಿಕೊಳ್ಳುವ ಹುನ್ನಾರವಿರಬಹುದು. ಈ ಮೂರನೆಯ ಅನುಮಾನಕ್ಕೆ ಬಾಯಿಮಾತಿನ ಸಮಾಧಾನ ಸಾಲದು. ಮಾರನೆಯ ದಿನವೂ ಅವನು ಏನನ್ನೂ ಕೇಳಬಾರದು, ಅದರ ಮಾರನೆಯ ದಿನವೂ ಕೇಳಬಾರದು. ಚಾರ್ಲ್ಸ್ ಏನನ್ನೂ ಕೇಳಲೇ ಇಲ್ಲ.

ಕೈಗವಸಿನ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ ಹನ್ನೊಂದು ಮೀಟರ್ ದಾಟುತ್ತದೆ. ಐವತ್ತು ಮೀಟರ್ ದೂರದಿಂದ ಚಾರ್ಲ್ಸ್ ಕಣ್ಣಿಗೆ ಬಿದ್ದರು ಎಂದುಕೊಂಡರೆ ಚಾಲಕನ ಕೈಯಲ್ಲಿರುವುದು ನಾಲ್ಕೂವರೆ ಸೆಕೆಂಡು. ಅಷ್ಟರಲ್ಲಿ ಅವನು ಆ ಕೈಯನ್ನು ಕಾಣಬೇಕು, ಅದು ತನಗೇ ಎಂದು ಅರ್ಥ ಮಾಡಿಕೊಳ್ಳಬೇಕು, ಸ್ಟಿಯರಿಂಗಿನಿಂದ ಒಂದು ಕೈ ತೆಗೆದು ಮರಳಿ ಬೀಸಬೇಕು. ಕಂಡದ್ದನ್ನು ಅರ್ಥ ಮಾಡಿಕೊಳ್ಳಲಿಕ್ಕೇ ಒಂದೆರಡು ಸೆಕೆಂಡು ಹೋಗುತ್ತದೆ. ಬೆಳಗಿನ ಹೊತ್ತು, ಕೊಲ್ಲಿಯ ಕಡೆಯಿಂದ ಮಂಜು ಕವಿಯುವ ಊರು. ಬರಿಗೈ ಆಗಿದ್ದರೆ ಮರದ ನೆರಳಿನಲ್ಲಿ, ಅಂಗಿಯ ಬಣ್ಣದಲ್ಲಿ ಕರಗಿಹೋಗುತ್ತಿತ್ತು. ಹಳದಿ ಗವಸು ದೂರದಿಂದಲೇ ಎದ್ದು ಕಾಣುತ್ತದೆ. ರಸ್ತೆ ಕೆಲಸಗಾರರು ಹೊಳೆಯುವ ಬಣ್ಣದ ಜಾಕೆಟ್ ಹಾಕಿಕೊಳ್ಳುವ ಕಾರಣವೇ ಇಲ್ಲಿಯೂ ಇದೆ: ನೋಡುವವನಿಗೆ ಇನ್ನೊಂದು ಸೆಕೆಂಡು ಹೆಚ್ಚು ಸಿಗುತ್ತದೆ. ನಮಸ್ಕಾರಕ್ಕೆ ಪ್ರತಿನಮಸ್ಕಾರ ಬರುವುದೋ ಬಿಡುವುದೋ ಎನ್ನುವುದು ಆ ಒಂದು ಸೆಕೆಂಡಿನಲ್ಲಿ ನಿರ್ಧಾರವಾಗಿಬಿಡುತ್ತದೆ. ಕಾರು ದಾಟಿಹೋದ ಮೇಲೆ ಬೀಸಿದ ಕೈ ಯಾರಿಗೂ ಕಾಣುವುದಿಲ್ಲ.

ವಿಚಿತ್ರ ಎಂದರೆ, ಚಾರ್ಲ್ಸ್ ಕೈಬೀಸಲು ಶುರು ಮಾಡಿದ ಆ ದಿನಗಳಲ್ಲಿ, ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಒಬ್ಬ ಪ್ರಾಧ್ಯಾಪಕರು ಜನ ಒಬ್ಬರನ್ನೊಬ್ಬರು ಹೇಗೆ ನೋಡದೆ ಹೋಗುತ್ತಾರೆ ಎನ್ನುವುದರ ಬಗ್ಗೆಯೇ ತಲೆ ಕೆಡಿಸಿಕೊಂಡಿದ್ದರು. ಅವರು ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್. 1958ರಿಂದ 1968ರವರೆಗೆ ಬರ್ಕ್ಲಿಯಲ್ಲಿ ಪಾಠ ಮಾಡಿದರು. ಸಾರ್ವಜನಿಕ ಸ್ಥಳಗಳಲ್ಲಿ ಜನರ ನಡವಳಿಕೆ ಕುರಿತ ಅವರ ಪುಸ್ತಕ 1963ರಲ್ಲಿ ಬಂತು. ಪೇಟೆಯ ಬೀದಿಯಲ್ಲಿ ಎದುರುಬದುರಾಗುವ ಇಬ್ಬರು ಅಪರಿಚಿತರು ಏನು ಮಾಡುತ್ತಾರೆ ಎಂಬುದನ್ನು ಅವರು ಬಹಳ ಸೂಕ್ಷ್ಮವಾಗಿ ಗಮನಿಸಿದ್ದರು. ದೂರದಲ್ಲಿದ್ದಾಗ ಒಮ್ಮೆ ನೋಡುತ್ತಾರೆ. ಸುಮಾರು ಎಂಟು ಅಡಿ ಹತ್ತಿರ ಬಂದಾಗ ಕಣ್ಣು ಕೆಳಗಿಳಿಸುತ್ತಾರೆ. ಇದನ್ನು ಗಾಫ್‌ಮನ್ ರಾತ್ರಿ ಎದುರು ಬರುವ ವಾಹನಕ್ಕೆ ಹೆಡ್‌ಲೈಟ್ ಡಿಮ್ ಮಾಡುವುದಕ್ಕೆ ಹೋಲಿಸಿದರು. ನೀನು ಇರುವುದು ನನಗೆ ಗೊತ್ತು, ಆದರೆ ನಿನ್ನನ್ನು ಕೆದಕುವುದಿಲ್ಲ ಎನ್ನುವ ಮರ್ಯಾದೆ ಅದು. ನಗರದಲ್ಲಿ ದಿನಕ್ಕೆ ನೂರಾರು ಮುಖ ನೋಡುವವನಿಗೆ ಇಂಥ ಮರ್ಯಾದೆ ಬೇಕೇ ಬೇಕು, ಇಲ್ಲದಿದ್ದರೆ ತರಕಾರಿ ತರಲು ಹೋದವನು ಮಧ್ಯಾಹ್ನವಾದರೂ ಮನೆ ಮುಟ್ಟುವುದಿಲ್ಲ.

ಚಾರ್ಲ್ಸ್ ಮುರಿದದ್ದು ಈ ನಿಯಮವನ್ನು. ಎಲ್ಲರೂ ದೀಪ ಡಿಮ್ ಮಾಡುವ ಕಡೆ ಅವರೊಬ್ಬರು ಹೈಬೀಮ್ ಹಾಕಿಕೊಂಡು ನಿಂತರು. ಆದರೂ ಜನರಿಗೆ ಅದು ಕಣ್ಣು ಕುಕ್ಕಲಿಲ್ಲ. ನಿಯಮ ಕಾಪಾಡಬೇಕೆಂದಿದ್ದುದು ಜನರ ಸಮಯವನ್ನು, ಗುಟ್ಟನ್ನು, ಅವರ ಪಾಡಿಗೆ ಅವರಿರುವ ಹಕ್ಕನ್ನು. ಚಾರ್ಲ್ಸ್ ಅವುಗಳಲ್ಲಿ ಒಂದನ್ನೂ ಮುಟ್ಟಲಿಲ್ಲ. ಮಾತಿಗೆ ಎಳೆಯಲಿಲ್ಲ, ಕಾರು ನಿಲ್ಲಿಸಲಿಲ್ಲ, ಹೆಸರು ಕೇಳಲಿಲ್ಲ. ಕಾರಿನವನು ಕಾರಿನಲ್ಲೇ ಇದ್ದ, ಅವರು ತಮ್ಮ ಬೇಲಿಯ ಬಳಿಯೇ ಇದ್ದರು. ಬೇಡವೆಂದರೆ ಮುಖ ತಿರುಗಿಸಿಕೊಂಡು ಹೋಗಲು ಯಾರಿಗೂ ಅಡ್ಡಿ ಇರಲಿಲ್ಲ. ಇಷ್ಟು ಸಲೀಸಾಗಿ ಬಿಟ್ಟುಕೊಡುವ ನಮಸ್ಕಾರವನ್ನು ಬಹಳ ದಿನ ತಿರಸ್ಕರಿಸುವುದು ಕಷ್ಟ.

ಕನ್ನಡದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ನಮ್ಮಲ್ಲಿ "ಊಟ ಆಯ್ತಾ?" ಎಂದು ಕೇಳುವವರಿಗೆ ನಮ್ಮ ಊಟದ ವಿವರ ಬೇಕಾಗಿರುವುದಿಲ್ಲ. "ಆಯ್ತು, ನಿಮ್ಮದು?" ಎಂದರೆ ಮುಗಿಯಿತು. ಹುಳಿಗೆ ಉಪ್ಪು ಕಡಿಮೆಯಾದದ್ದನ್ನು, ಮಜ್ಜಿಗೆ ಹುಳಿ ಬಂದದ್ದನ್ನು ಹೇಳುತ್ತಾ ಕೂತರೆ ಕೇಳಿದವರೇ ಕಂಗಾಲಾಗುತ್ತಾರೆ. ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ 1923ರಲ್ಲಿಯೇ ಇಂಥ ಮಾತನ್ನು ಬೇರೆಯಾಗಿ ಗುರುತಿಸಿ ಅದಕ್ಕೊಂದು ಹೆಸರಿಟ್ಟಿದ್ದರು. ಸುದ್ದಿ ಮುಟ್ಟಿಸುವುದು ಅದರ ಕೆಲಸವಲ್ಲ, ಇಬ್ಬರ ನಡುವಿನ ದಾರಿ ತೆರೆದಿದೆ ಎಂದು ತೋರಿಸುವುದಷ್ಟೇ ಅದರ ಕೆಲಸ. ಚಾರ್ಲ್ಸ್ ಅವರ ಹಳದಿ ಗವಸು ಮಾಡುತ್ತಿದ್ದುದೂ ಅದನ್ನೇ.

ಆದರೆ ಅವರು ನಿಂತಿದ್ದ ಜಾಗ ಸಾಮಾನ್ಯದ್ದಲ್ಲ. ಅದು ಗೊತ್ತಿಲ್ಲದೆ ಈ ಕಥೆ ಅರ್ಧ ಮಾತ್ರ ತಿಳಿದ ಹಾಗೆ.

ಚಾರ್ಲ್ಸ್ ಕಪ್ಪು ಜನಾಂಗದವರು. 1910ರಲ್ಲಿ ದಕ್ಷಿಣದ ಲೂಸಿಯಾನ ರಾಜ್ಯದ ಲೇಕ್ ಚಾರ್ಲ್ಸ್ ಎಂಬ ಊರಿನಲ್ಲಿ ಹುಟ್ಟಿದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಕೊಲ್ಲಿಯ ಸುತ್ತಮುತ್ತ ಹಡಗು ಕಟ್ಟುವ ಕಾರ್ಖಾನೆಗಳು ಎದ್ದವು. ಅಲ್ಲಿನ ಕೆಲಸಕ್ಕಾಗಿ ಲೂಸಿಯಾನ, ಟೆಕ್ಸಾಸ್‌ಗಳಿಂದ ಕಪ್ಪು ಕುಟುಂಬಗಳು ಸಾವಿರಾರು ಸಂಖ್ಯೆಯಲ್ಲಿ ವಲಸೆ ಬಂದವು. ಕೆಲಸವೇನೋ ಸಿಕ್ಕಿತು, ಮನೆ ಮಾತ್ರ ಎಲ್ಲೆಂದರಲ್ಲಿ ಸಿಗುತ್ತಿರಲಿಲ್ಲ. ಬರ್ಕ್ಲಿಯಲ್ಲಿ ಕಣ್ಣಿಗೆ ಕಾಣದ ಒಂದು ಗೆರೆ ಇತ್ತು. ಅದರ ಪೂರ್ವಕ್ಕೆ, ಗುಡ್ಡದ ಕಡೆಗೆ, ಬಿಳಿಯರ ಮನೆಗಳು. ಪಶ್ಚಿಮಕ್ಕೆ, ಕೊಲ್ಲಿಯ ಕಡೆಯ ತಗ್ಗಿನಲ್ಲಿ, ಕಪ್ಪು ಜನ ಮತ್ತು ಜಪಾನಿ ಮೂಲದವರು. ಮನೆ ಮಾರುವ ದಲ್ಲಾಳಿಗಳು, ಸಾಲ ಕೊಡುವ ಬ್ಯಾಂಕುಗಳು, ಕ್ರಯಪತ್ರಗಳಲ್ಲಿ ಬರೆಸಿಟ್ಟ ಷರತ್ತುಗಳು, ಎಲ್ಲ ಸೇರಿ ಆ ಗೆರೆಯನ್ನು ದಶಕಗಳ ಕಾಲ ಕಾಯ್ದುಕೊಂಡು ಬಂದಿದ್ದವು. ಆ ಗೆರೆಯೇ ಗ್ರೋವ್ ಸ್ಟ್ರೀಟ್.

ಚಾರ್ಲ್ಸ್ ಕೈಬೀಸಲು ಆರಂಭಿಸಿದ ಮೂರು ತಿಂಗಳಿಗೆ, 1963ರ ಜನವರಿಯಲ್ಲಿ, ಬರ್ಕ್ಲಿಯ ನಗರಸಭೆ ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಬಣ್ಣ ನೋಡಬಾರದು ಎಂದು ಕಾನೂನು ಮಾಡಿತು. ಏಪ್ರಿಲ್‌ನಲ್ಲಿ ಆ ಕಾನೂನು ಬೇಕೋ ಬೇಡವೋ ಎಂದು ಊರಿನವರಿಂದಲೇ ಮತ ಹಾಕಿಸಿದರು. ಊರು ಬೇಡ ಎಂದಿತು. ಅಂದರೆ, ಬೆಳಿಗ್ಗೆ ಗ್ರೋವ್ ಸ್ಟ್ರೀಟಿನಲ್ಲಿ ಚಾರ್ಲ್ಸ್ ಅವರ ಮುಂದೆ ಹಾದುಹೋದ ಕಾರುಗಳಲ್ಲಿ, ಇವರಂಥವರು ತಮ್ಮ ಪಕ್ಕದ ಮನೆಗೆ ಬರುವುದು ಬೇಡ ಎಂದು ಮತ ಹಾಕಿ ಬಂದವರೂ ಇದ್ದೇ ಇದ್ದರು. ಅವರು ಯಾರೆಂದು ಚಾರ್ಲ್ಸ್‌ಗೆ ಗೊತ್ತಾಗುವ ಹಾಗಿರಲಿಲ್ಲ. ಎಲ್ಲರಿಗೂ ಅದೇ ಹಳದಿ ಕೈ. ಅವರು ಬಣ್ಣ ನೋಡಲಿಲ್ಲ, ಕಾರಿನ ಬೆಲೆ ನೋಡಲಿಲ್ಲ, ನಿನ್ನೆ ಮರಳಿ ಬೀಸಿದ್ದನೋ ಇಲ್ಲವೋ ಎಂದೂ ನೋಡಲಿಲ್ಲ. ಮನುಷ್ಯರನ್ನು ಎರಡು ಭಾಗ ಮಾಡಲೆಂದೇ ಇಟ್ಟಿದ್ದ ರಸ್ತೆಯ ಬದಿಯಲ್ಲಿ ನಿಂತು ಯಾರನ್ನೂ ಭಾಗ ಮಾಡದೆ ನಮಸ್ಕಾರ ಹೇಳಿದರು. ಇಡೀ ಪ್ರಸಂಗದಲ್ಲಿ ಮನಸ್ಸು ಹಿಡಿದು ನಿಲ್ಲಿಸುವುದು ಇದೇ.

ಇದರಿಂದ ಏನು ಬದಲಾಯಿತು? ಮೊದಲು ಬದಲಾದದ್ದು ಹಾದಿ. ಚಾರ್ಲ್ಸ್ ಅವರನ್ನು ನೋಡಲೆಂದೇ ಜನ ಸುತ್ತು ಹಾಕಿಕೊಂಡು ಗ್ರೋವ್ ಸ್ಟ್ರೀಟಿನಲ್ಲಿ ಬರತೊಡಗಿದರು. ಇದನ್ನು ಸಣ್ಣ ಸಂಗತಿ ಎಂದುಕೊಳ್ಳಬಾರದು. ಬೆಳಿಗ್ಗೆ ಕೆಲಸಕ್ಕೆ ಹೋಗುವವನು ಒಂದು ನಿಮಿಷ ಉಳಿಯುತ್ತದೆಂದರೆ ಯಾವ ಓಣಿಯೊಳಗೆ ಬೇಕಾದರೂ ಕಾರು ನುಗ್ಗಿಸುತ್ತಾನೆ. ಅಂಥವನು ಒಂದು ಕೈ ನೋಡಲಿಕ್ಕೆ ಐದು ನಿಮಿಷ ಕಳೆದುಕೊಳ್ಳಲು ತಯಾರಾದ. ಕಾರಿನ ಹಿಂಸೀಟಿನಲ್ಲಿ ಕೂತ ಮಕ್ಕಳು ಶಾಲೆಗೆ ಹೋಗುವಾಗ ಬೀಸಿದರು. ದೊಡ್ಡವರಾಗಿ ತಾವೇ ಕಾರು ಓಡಿಸುವ ಕಾಲಕ್ಕೂ ಆ ಮೂಲೆಯಲ್ಲಿ ಅದೇ ಮನುಷ್ಯ ಇದ್ದರು. ಟೆಲಿವಿಷನ್‌ನವರು ಬಂದು ಚಿತ್ರ ತೆಗೆದುಕೊಂಡು ಹೋದರು. ಊರಿಗೆ ಅವರು "ಬರ್ಕ್ಲಿಯ ಕೈಬೀಸುವ ಮನುಷ್ಯ" ಆದರು.

ಎರಡನೆಯ ಬದಲಾವಣೆ ಏನೆಂದು ತಿಳಿಯಲು ಬರ್ಕ್ಲಿಯ ಇನ್ನೊಬ್ಬ ಪ್ರಾಧ್ಯಾಪಕರ ಕಡೆ ತಿರುಗಬೇಕು. ನಗರ ವಿನ್ಯಾಸ ಕಲಿಸುತ್ತಿದ್ದ ಡೊನಾಲ್ಡ್ ಆಪಲ್‌ಯಾರ್ಡ್ 1960ರ ದಶಕದ ಕೊನೆಯಲ್ಲಿ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳನ್ನು ಆರಿಸಿಕೊಂಡರು. ಮನೆಗಳು, ಜನ ಹೆಚ್ಚುಕಡಿಮೆ ಒಂದೇ ಬಗೆ. ವ್ಯತ್ಯಾಸ ಇದ್ದುದು ವಾಹನಗಳಲ್ಲಿ. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ, ಇನ್ನೊಂದರಲ್ಲಿ 8,000, ಮೂರನೆಯದರಲ್ಲಿ 16,000. ನಿಮ್ಮ ಬೀದಿಯಲ್ಲಿ ನಿಮಗೆಷ್ಟು ಜನ ಸ್ನೇಹಿತರು ಎಂದು ಮನೆಮನೆಗೆ ಹೋಗಿ ಕೇಳಿದರು. ವಾಹನ ಕಡಿಮೆ ಇದ್ದ ಬೀದಿಯಲ್ಲಿ ಸರಾಸರಿ ಒಬ್ಬರಿಗೆ ಮೂವರು ಸ್ನೇಹಿತರಿದ್ದರು. ವಾಹನ ತುಂಬಿದ ಬೀದಿಯಲ್ಲಿ ಒಬ್ಬರೂ ಪೂರ್ತಿ ಇರಲಿಲ್ಲ, 0.9. ನಿಮ್ಮದು ಎನಿಸುವ ಜಾಗವನ್ನು ನಕ್ಷೆಯ ಮೇಲೆ ಗುರುತಿಸಿ ಎಂದರೆ ಮೊದಲ ಬೀದಿಯವರು ಬೀದಿಯನ್ನಿಡೀ ಸುತ್ತಿ ಗೆರೆ ಎಳೆದರು. ಮೂರನೆಯ ಬೀದಿಯವರ ಗೆರೆ ತಮ್ಮ ಕಟ್ಟಡದ ಗೋಡೆಗೇ ನಿಂತಿತು.

ವಾಹನ ಹೆಚ್ಚಾದಂತೆ ಜನ ರಸ್ತೆಬದಿಯ ಕೋಣೆಯನ್ನು ಬಿಟ್ಟು ಹಿಂದಿನ ಕೋಣೆ ಸೇರುತ್ತಾರೆ, ಮೆಟ್ಟಿಲ ಮೇಲೆ ಕೂರುವುದನ್ನು ನಿಲ್ಲಿಸುತ್ತಾರೆ, ಮಕ್ಕಳನ್ನು ಒಳಗೆ ಕರೆಯುತ್ತಾರೆ. ಬೀದಿಯಲ್ಲಿ ಮನುಷ್ಯರು ಕಾಣದಿದ್ದ ಮೇಲೆ ಕಾರಿನವನಿಗೆ ಅದು ಬೀದಿಯಲ್ಲ, ಬರೀ ದಾರಿ. ಇನ್ನಷ್ಟು ವೇಗ, ಇನ್ನಷ್ಟು ಸದ್ದು, ಇನ್ನಷ್ಟು ಮುಚ್ಚಿದ ಕಿಟಕಿಗಳು. ಚಾರ್ಲ್ಸ್ ಇದ್ದದ್ದು ಇಂಥ ಓಡುವ ರಸ್ತೆಯಲ್ಲೇ. ಅವರು ಮಾಡಿದ್ದು ಎಲ್ಲರೂ ಮಾಡುವುದಕ್ಕೆ ತಲೆಕೆಳಗು: ಹಿಂದಿನ ಕೋಣೆಗೆ ಹೋಗುವ ಬದಲು ಬೇಲಿಯ ತನಕ ಮುಂದೆ ಬಂದರು. ತಮ್ಮದು ಎನ್ನುವ ಗೆರೆಯನ್ನು ರಸ್ತೆಯ ಆಚೆ ಬದಿಗೂ ಎಳೆದರು. ಆ ಮೂಲೆಯಲ್ಲಿ ಒಬ್ಬ ಮನುಷ್ಯ ಇದ್ದಾನೆ, ತನ್ನನ್ನು ನೋಡುತ್ತಾನೆ ಎಂದು ಗೊತ್ತಿರುವ ಚಾಲಕನ ಮಟ್ಟಿಗೆ ಅದು ಮತ್ತೆ ಯಾರೋ ವಾಸ ಮಾಡುವ ಜಾಗ.

ಬರೀ ನೋಟಕ್ಕೆ ಇಷ್ಟು ಬಲವಿದೆಯೇ ಎಂದರೆ, ಅದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಆವರಣದಲ್ಲಿ ಎರಿಕ್ ವೆಸಲ್‌ಮನ್ ಮತ್ತು ಸಂಗಡಿಗರು ಮಾಡಿದ ಪ್ರಯೋಗದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ದಾರಿಯಲ್ಲಿ ನಡೆದು ಬರುವವರ ಎದುರಿಗೆ ಸಂಶೋಧಕರ ಕಡೆಯವರೊಬ್ಬರು ಹೋಗುತ್ತಿದ್ದರು. ಕೆಲವರನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದರು, ಕೆಲವರಿಗೆ ನೋಡಿ ನಕ್ಕರು, ಇನ್ನು ಕೆಲವರನ್ನು ಗಾಳಿಯೋ ಎಂಬಂತೆ, ಅವರ ಮೂಲಕವೇ ಆಚೆಯದನ್ನು ನೋಡುವಂತೆ ಹಾದುಹೋದರು. ಹಿಂದೆಯೇ ಬಂದ ಇನ್ನೊಬ್ಬರು ಅವರನ್ನು ನಿಲ್ಲಿಸಿ, ಈ ಕ್ಷಣದಲ್ಲಿ ನಿಮಗೆ ಜನರಿಂದ ದೂರವಿದ್ದೇನೆ ಎನಿಸುತ್ತಿದೆಯೇ ಎಂದು ಕೇಳಿದರು. ಗಾಳಿಯಾದವರಿಗೆ ಹೆಚ್ಚು ಒಂಟಿ ಎನಿಸಿತ್ತು. ಕಣ್ಣು ಕೂಡಿಸಿದವರಿಗೆ ಕಡಿಮೆ. ಒಂದೇ ಒಂದು ನೋಟ, ಅದೂ ಗುರುತೇ ಇಲ್ಲದವರದ್ದು.

ಆ ಪರಿಣಾಮ ಎಷ್ಟು ಹೊತ್ತು ಉಳಿಯುತ್ತದೆ ಎಂದು ಆ ಪ್ರಯೋಗ ಅಳೆಯಲಿಲ್ಲ. ಒಂದು ನೋಟದ ಬಿಸಿ ಬಹಳ ಹೊತ್ತು ಇರಲಾರದು, ಕಾಫಿ ಆರುವ ಮುಂಚೆಯೇ ಆರಬಹುದು. ಆದ್ದರಿಂದಲೇ ಚಾರ್ಲ್ಸ್ ಅವರ ಗಡಿಯಾರಕ್ಕೆ ಅಷ್ಟು ಬೆಲೆ. ಮನಸ್ಸು ಬಂದಾಗ ಬಂದು, ಹೊಳೆದ ಕಡೆ ನಿಂತು ಕೈಬೀಸಿದ್ದರೆ ಪ್ರತಿ ಸಲವೂ ಜನ ಹಿಂತಿರುಗಿ ನೋಡುವುದರಿಂದಲೇ ಶುರು ಮಾಡಬೇಕಾಗುತ್ತಿತ್ತು. ಅದೇ ಮೂಲೆ, ಅದೇ ಹೊತ್ತು, ಅದೇ ಬಣ್ಣ ಎಂದಾದಾಗ ಮುಂದಿನ ತಿರುವಿನಲ್ಲಿ ಅವರಿರುತ್ತಾರೆ ಎಂದು ಚಾಲಕನ ಕೈ ಮೊದಲೇ ಸಿದ್ಧವಾಗುತ್ತದೆ. ನಾಲ್ಕೂವರೆ ಸೆಕೆಂಡಿನ ಇಕ್ಕಟ್ಟು ಆಗ ತಾನಾಗಿ ಕರಗಿಹೋಗುತ್ತದೆ.

ಇಂಥ ನಮಸ್ಕಾರ ನಾಟಿದೆಯೋ ಇಲ್ಲವೋ ಎಂದು ತಿಳಿಯಲು ಎರಡು ಗುರುತುಗಳಿವೆ. ಒಂದು, ಎದುರಿನವರು ತಾವೇ ಮೊದಲು ಕೈಯೆತ್ತುತ್ತಾರೆ. ಇನ್ನೊಂದು, ನಮಸ್ಕಾರ ಹೇಳುವವನು ಒಂದು ದಿನ ಕಾಣದಿದ್ದರೆ ಯಾರಾದರೂ ವಿಚಾರಿಸುತ್ತಾರೆ. ಈ ಎರಡನೆಯದಕ್ಕೆ ಒಳ್ಳೆಯ ಉದಾಹರಣೆ ಅಟ್ಲಾಂಟಿಕ್ ಸಾಗರದ ಬರ್ಮುಡಾ ದ್ವೀಪದಲ್ಲಿ ಸಿಗುತ್ತದೆ. ಅಲ್ಲಿ ಜಾನಿ ಬಾರ್ನ್ಸ್ ಎಂಬವರು ಹಲವು ದಶಕ ಹ್ಯಾಮಿಲ್ಟನ್ ಪೇಟೆಗೆ ಹೋಗುವ ದಾರಿಯಲ್ಲಿ, ಕ್ರೋ ಲೇನ್ ಎಂಬಲ್ಲಿನ ವೃತ್ತದಲ್ಲಿ ಮುಂಜಾನೆಯಿಂದ ನಿಂತು ಹೋಗುವವರಿಗೆಲ್ಲ ಕೈಬೀಸುತ್ತಿದ್ದರು. ಗಡ್ಡ ಬಿಟ್ಟ, ಹುಲ್ಲಿನ ಟೋಪಿಯ ಮನುಷ್ಯ. ರೈಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು, ಆಮೇಲೆ ಬಸ್ ಓಡಿಸಿದರು. ಕೈಬೀಸುವ ಅಭ್ಯಾಸ ಸ್ಟಿಯರಿಂಗ್ ಹಿಂದೆ ಇದ್ದಾಗಿನಿಂದಲೇ ಇತ್ತು. ಅವರು ಒಂದು ಬೆಳಿಗ್ಗೆ ಕಾಣದಿದ್ದರೆ ಸಾಕು, ಜಾನಿಗೆ ಏನಾಯಿತು ಎಂದು ರೇಡಿಯೋ ಕೇಂದ್ರಕ್ಕೆ ಫೋನುಗಳು ಬರುತ್ತಿದ್ದವು. 1998ರಲ್ಲಿ, ಬದುಕಿದ್ದಾಗಲೇ, ಅವರು ನಿಲ್ಲುತ್ತಿದ್ದ ಜಾಗದ ಹತ್ತಿರ ಕೈ ಚಾಚಿದ ಅವರದೇ ಕಂಚಿನ ಪ್ರತಿಮೆ ನಿಲ್ಲಿಸಿದರು. ಆಮೇಲೆ ಸುಮಾರು ಹದಿನೇಳು ವರ್ಷ ಕಾಲ, ಪ್ರತಿಮೆಯೊಂದು ಕಡೆ, ಪ್ರತಿಮೆಯ ಮೂಲದವರು ಸ್ವಲ್ಪ ದೂರದಲ್ಲಿ, ಇಬ್ಬರೂ ದಾರಿಹೋಕರಿಗೆ ಕೈ ಎತ್ತಿಕೊಂಡೇ ಇದ್ದರು. ಬಾರ್ನ್ಸ್ 2016ರಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು.

ಇಬ್ಬರ ನಡುವೆ ಒಂದು ವ್ಯತ್ಯಾಸವಿದೆ. ಬಾರ್ನ್ಸ್ ಊರಿನ ಹೆಬ್ಬಾಗಿಲಲ್ಲಿ ನಿಂತು ಇಡೀ ದ್ವೀಪಕ್ಕೆ ಸೇರಿದವರಾದರು. ಚಾರ್ಲ್ಸ್ ತಮ್ಮ ಮನೆಯ ಮುಂದೆ ನಿಂತರು, ಹಾಗಾಗಿ ಅವರು ಮೊದಲು ಆ ಬೀದಿಯವರು. ನೆರೆಹೊರೆಯನ್ನು ಬದಲಿಸುವುದಕ್ಕೆ ಮನೆಯ ಮುಂದಿನ ಜಾಗವೇ ಮೇಲು. ಅಲ್ಲಿ ನಿಂತವನ ವಿಳಾಸ ಎಲ್ಲರಿಗೂ ಗೊತ್ತು. ಅವನು ಯಾರು, ಎಲ್ಲಿಂದ ಬಂದ, ನಾಳೆ ಇರುತ್ತಾನೋ ಇಲ್ಲವೋ ಎನ್ನುವ ಪ್ರಶ್ನೆಗಳಿಗೆ ಹಿಂದಿರುವ ಬಾಗಿಲೇ ಉತ್ತರ ಹೇಳುತ್ತದೆ.

ಇಷ್ಟಾದರೂ ಕೈಬೀಸುವುದರಿಂದ ಆಗದ ಕೆಲಸಗಳನ್ನು ಆಯಿತು ಎನ್ನಬಾರದು. ಗ್ರೋವ್ ಸ್ಟ್ರೀಟಿನ ಆ ಗೆರೆಯನ್ನು ಅಲುಗಿಸಿದ್ದು ಹಳದಿ ಗವಸಲ್ಲ. ಅದಕ್ಕೆ ಹೋರಾಟಗಳು ಬೇಕಾದವು, ರಾಜ್ಯದ ಮತ್ತು ದೇಶದ ಕಾನೂನುಗಳು ಬೇಕಾದವು. ಗೆರೆಯ ಆಚೀಚಿನ ಮಕ್ಕಳು ಒಂದೇ ತರಗತಿಯಲ್ಲಿ ಕೂರಲು 1968ರಲ್ಲಿ ಬರ್ಕ್ಲಿಯ ಶಾಲೆಗಳು ಬಸ್ಸುಗಳನ್ನು ಓಡಿಸಬೇಕಾಯಿತು. ಗುಡ್ಡದ ಮಕ್ಕಳನ್ನು ತಗ್ಗಿಗೆ, ತಗ್ಗಿನ ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ಯುವ ಬಸ್ಸುಗಳು ಅವು. ಗೆರೆಯ ಎರಡೂ ಕಡೆಯವರು ಒಬ್ಬರನ್ನೊಬ್ಬರು ಹೊಸದಾಗಿ ನೋಡತೊಡಗಿದ ಆ ವರ್ಷಗಳಲ್ಲಿ, ಗೆರೆಯ ಮೇಲೆಯೇ ಒಬ್ಬ ಮನುಷ್ಯ ಎರಡೂ ಕಡೆಯವರಿಗೆ ಆಗಲೇ ಪರಿಚಿತನಾಗಿದ್ದ. ಕಾನೂನು ಮಾಡುವವರಿಗೆ ಇಂಥದೊಂದನ್ನು ಹುಟ್ಟಿಸಲು ಬರುವುದಿಲ್ಲ.

1992ರಲ್ಲಿ ಚಾರ್ಲ್ಸ್ ಅವರಿಗೆ 82 ವಯಸ್ಸು. ಬೆಳಗಿನ ಚಳಿಯಲ್ಲಿ ಎರಡು ಗಂಟೆಯ ಹತ್ತಿರ ಹತ್ತಿರ ಕೈ ಎತ್ತಿ ನಿಲ್ಲುವುದು ಇಪ್ಪತ್ತರ ಹುಡುಗನಿಗೂ ಸುಲಭವಲ್ಲ. ನಂಬದವರು ಹತ್ತು ನಿಮಿಷ ನಿಂತು ನೋಡಬಹುದು, ಭುಜ ಹೇಳುತ್ತದೆ. ಅವರು ತಾವು ಆರಂಭಿಸಿದ ತಾರೀಖಿನಂದೇ ನಿಲ್ಲಿಸಿದರು. ಅದಾದ ಮೇಲೆ ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದು, 2002ರ ಮಾರ್ಚ್‌ನಲ್ಲಿ, 92 ತುಂಬಲು ಕೆಲವೇ ದಿನ ಇರುವಾಗ ತೀರಿಕೊಂಡರು. ಮನೆಯ ಹತ್ತಿರದ ಪಾರ್ಕಿನ ಟೆನಿಸ್ ಅಂಗಳಕ್ಕೆ ಊರಿನವರು ಅವರ ಹೆಸರಿಟ್ಟಿದ್ದಾರೆ. ಹಳದಿ ಕೈಗವಸು ಬರ್ಕ್ಲಿಯ ಇತಿಹಾಸ ಸಂಘದಲ್ಲಿದೆ, ಊರಿನ ಹಳೆಯ ಫೋಟೋಗಳು, ನಕ್ಷೆಗಳು, ಕಾಗದಪತ್ರಗಳ ಜೊತೆಗೆ.